₹399ರ ಚಂದಾ ಮುಂದಿನ ವರ್ಷ ಎಷ್ಟಾಗುತ್ತದೆ? ಡಿಜಿಟಲ್ ಪತ್ರಿಕೆಯ ನವೀಕರಣ ದರವನ್ನು ಮೊದಲೇ ಕಂಡುಕೊಳ್ಳುವ ಬಗೆ

ತುಮಕೂರಿನ ಎಸ್.ಎಸ್. ಪುರಂನಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ದಿನವೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಬೇಕು, ಆದರೆ ಮೊಬೈಲಿನಲ್ಲಿ ಎರಡು ಪ್ಯಾರಾ ಓದುವಷ್ಟರಲ್ಲಿ ಲೇಖನ ಮಸುಕಾಗಿ ಚಂದಾ ಕೇಳುವ ಪಟ್ಟಿ ಮೇಲೆದ್ದು ಬರುತ್ತದೆ. ಅದರಲ್ಲಿ ದಪ್ಪಕ್ಷರದಲ್ಲಿ ‘ಒಂದು ವರ್ಷಕ್ಕೆ ₹399’, ಪಕ್ಕದಲ್ಲಿ ಅಡ್ಡಗೆರೆ ಎಳೆದ ₹1,999, ಕೆಳಗೆ ‘ವಾರಕ್ಕೆ ₹8ಕ್ಕಿಂತ ಕಡಿಮೆ’ ಎಂಬ ಸಾಲು. ಲೆಕ್ಕ ಸರಿಯಾಗಿಯೇ ಇದೆ: 399ನ್ನು 52ರಿಂದ ಭಾಗಿಸಿದರೆ ₹7.67. ಈ ದರ ಎರಡನೇ ವರ್ಷಕ್ಕೆ ಇರುವುದಿಲ್ಲ ಎಂಬುದು ಮಾತ್ರ ಆ ದಪ್ಪಕ್ಷರದಲ್ಲಿ ಇಲ್ಲ.

ಇದು ಕಲ್ಪಿಸಿಕೊಂಡ ಉದಾಹರಣೆ, ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಆದರೆ ಪಟ್ಟಿಯ ರಚನೆ ಎಷ್ಟೋ ಪತ್ರಿಕೆಗಳದ್ದು ಹೀಗೆಯೇ ಇರುತ್ತದೆ. ಮೊದಲ ಅವಧಿಗೆ ಕಡಿಮೆ ದರ, ಆಮೇಲೆ ಪೂರ್ತಿ ದರ, ನಡುವೆ ನೀವು ಏನೂ ಮಾಡದಿದ್ದರೆ ಖಾತೆಯಿಂದ ತಾನಾಗಿಯೇ ಹಣ ಕಡಿತ. ಪತ್ರಿಕೆಗೆ ದುಡ್ಡು ಕೊಟ್ಟು ಓದುವುದು ಸರಿಯಾದದ್ದೇ. ಎಷ್ಟು ಕೊಡುತ್ತೇವೆ ಎಂಬುದು ಕೊಡುವ ಮುಂಚೆ ಗೊತ್ತಿರಬೇಕು, ಅಷ್ಟೇ. ಅದನ್ನು ಗೊತ್ತುಮಾಡಿಕೊಳ್ಳಲು ಹತ್ತು ನಿಮಿಷ ಸಾಕು.

ಮೊದಲು ನೋಡಬೇಕಾದದ್ದು ಅಡ್ಡಗೆರೆಯ ಅಂಕಿ

ಗೆರೆ ಎಳೆದ ಆ ₹1,999ನ್ನು ನಾವೆಲ್ಲ ‘ಹಳೆಯ ದರ’ ಎಂದು ಓದಿಕೊಳ್ಳುತ್ತೇವೆ, ಬಟ್ಟೆ ಅಂಗಡಿಯ ಆಷಾಢದ ರಿಯಾಯಿತಿ ಚೀಟಿಯ ಹಾಗೆ. ಚಂದಾ ವಿಷಯದಲ್ಲಿ ಅದು ಹೆಚ್ಚಾಗಿ ಮುಂದೆ ಬರಲಿರುವ ದರ. ಸೀರೆಯನ್ನು ಒಮ್ಮೆ ಕೊಂಡರೆ ವ್ಯವಹಾರ ಮುಗಿಯಿತು, ಚಂದಾ ಮುಗಿಯುವುದಿಲ್ಲ. ಹಾಗಾಗಿ ಗೆರೆ ಎಳೆದ ಅಂಕಿ ಕಂಡ ಕೂಡಲೇ ‘ಎರಡನೇ ವರ್ಷಕ್ಕೆ ಇಷ್ಟು’ ಎಂದು ಬರೆದಿಟ್ಟುಕೊಳ್ಳಿ. ತಪ್ಪಾಗಿದ್ದರೆ ಮುಂದಿನ ಹೆಜ್ಜೆಗಳಲ್ಲಿ ತಿದ್ದಿಕೊಳ್ಳಬಹುದು.

ಆಮೇಲೆ ಹಣ ಕಟ್ಟುವ ಗುಂಡಿಯ ಕೆಳಗೆ, ಬೂದು ಬಣ್ಣದ ಸಣ್ಣಕ್ಷರಕ್ಕೆ ಬನ್ನಿ. ಮೊಬೈಲಿನಲ್ಲಿ ಇದು ಎಷ್ಟೋ ಸಲ ಪರದೆಯ ಆಚೆ ಉಳಿದುಬಿಡುತ್ತದೆ, ಕೆಳಗೆ ಸರಿಸಿಯೇ ನೋಡಬೇಕು. ಜೊತೆಗೆ ನಿಯಮಗಳ ಪುಟವನ್ನೂ ತೆರೆಯಿರಿ. ಅಷ್ಟುದ್ದದ ಪುಟವನ್ನು ಯಾರೂ ಪೂರ್ತಿ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ `Find in page` ಆಯ್ದು ಒಂದೊಂದೇ ಪದ ಹುಡುಕಿ: `renew`, `thereafter`, `introductory`, `prevailing`. ಮೊದಲ ಮೂರರ ಹತ್ತಿರ ಸಾಮಾನ್ಯವಾಗಿ ಅಂಕಿ ಸಿಗುತ್ತದೆ.

ನಾಲ್ಕನೆಯ ಪದ ಸಿಕ್ಕರೆ ಅಲ್ಲಿ ನಿಲ್ಲಿ. `prevailing price` ಅಥವಾ `then-current rate` ಎಂದು ಬರೆದಿದ್ದರೆ, ನವೀಕರಣದ ದಿನ ಯಾವ ದರ ಚಾಲ್ತಿಯಲ್ಲಿರುತ್ತದೋ ಅದು ಎಂದರ್ಥ. ಇವತ್ತಿನ ₹1,999 ಕೂಡ ಖಾತ್ರಿಯಲ್ಲ, ಅದು ₹2,499 ಆಗಿದ್ದರೆ ಅಷ್ಟು ಕೊಡಲು ನೀವು ಈಗಲೇ ಒಪ್ಪಿದಂತೆ. ಅಂಕಿ ಬರೆಯದ ನಿಯಮಕ್ಕಿಂತ ಹೆಚ್ಚಿನ ಅಂಕಿ ಬರೆದ ನಿಯಮವೇ ವಾಸಿ, ಏಕೆಂದರೆ ಅಲ್ಲಿ ತಕರಾರು ಎತ್ತಲು ಒಂದು ಆಧಾರವಾದರೂ ಇರುತ್ತದೆ.

ಎಲ್ಲಿಯೂ ಅಂಕಿ ಸಿಗದಿದ್ದರೆ ಇನ್ನೆರಡು ದಾರಿಗಳಿವೆ. ಪ್ಲೇ ಸ್ಟೋರ್‌ನಲ್ಲಿ ಆ ಪತ್ರಿಕೆಯ ಆ್ಯಪ್ ತೆರೆದು `About this app` ಒತ್ತಿ ಕೆಳಗೆ ಹೋದರೆ `In-app purchases` ಎಂಬ ಸಾಲಿನಲ್ಲಿ ಕನಿಷ್ಠ ಮತ್ತು ಗರಿಷ್ಠ ಬೆಲೆ ಇರುತ್ತದೆ. ಅಲ್ಲಿ ಗರಿಷ್ಠ ₹1,999 ಎಂದಿದ್ದರೆ ನಮ್ಮ ಊಹೆ ಬಲವಾಯಿತು. ಐಫೋನಿನ ಆ್ಯಪ್ ಸ್ಟೋರ್‌ನಲ್ಲಿ ಇದೇ ಸಾಲಿನ ಕೆಳಗೆ ಯೋಜನೆಗಳ ಹೆಸರು ಮತ್ತು ಬೆಲೆ ಬಿಡಿಬಿಡಿಯಾಗಿಯೇ ಕಾಣುತ್ತದೆ. ಎರಡನೆಯದು, ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ಪತ್ರಿಕೆಯ ಚಂದಾ ಪುಟವನ್ನು ನೇರವಾಗಿ ತೆರೆಯುವುದು. ಕೊಡುಗೆಯ ಕೊಂಡಿಯಿಂದ ಬಂದಾಗ ಕಾಣದ ಮಾಮೂಲಿ ದರ ಅಲ್ಲಿ ಕಾಣುವುದುಂಟು.

ಅವಧಿಯನ್ನೂ ಅಳೆಯಿರಿ

ದರ ಸಿಕ್ಕ ಮೇಲೆ ಅದು ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆ ಬರುತ್ತದೆ. ಕೆಲವು ವಿದೇಶಿ ಪತ್ರಿಕೆಗಳು ತಿಂಗಳಿಗೊಮ್ಮೆ ಅಲ್ಲ, 4 ವಾರಕ್ಕೊಮ್ಮೆ ಹಣ ಹಿಡಿಯುತ್ತವೆ. 28 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 12 ಅಲ್ಲ, 13 ಕಂತು. ಕಂತು ₹150 ಇದ್ದರೆ ನಿಮ್ಮ ಮನಸ್ಸಿನಲ್ಲಿ ವರ್ಷಕ್ಕೆ ₹1,800 ಇರುತ್ತದೆ, ಖಾತೆಯಿಂದ ಹೋಗುವುದು ₹1,950.

ಹೋಲಿಸುವಾಗ ಯಾವಾಗಲೂ ಎರಡು ವರ್ಷದ ಒಟ್ಟು ಮೊತ್ತ ಹಾಕಿ ನೋಡಿ. ನಮ್ಮ ಹುಡುಗಿಯ ಮುಂದೆ ಎರಡು ಕೊಡುಗೆಗಳಿವೆ ಎಂದಿಟ್ಟುಕೊಳ್ಳಿ. ಒಂದು, ಮೊದಲ ವರ್ಷ ₹399, ನಂತರ ವರ್ಷಕ್ಕೆ ₹1,999. ಇನ್ನೊಂದು, ಮೊದಲ 3 ತಿಂಗಳು ತಿಂಗಳಿಗೆ ₹49, ನಂತರ ತಿಂಗಳಿಗೆ ₹249. ಕಣ್ಣಿಗೆ ₹49 ಹಗುರ. ಆದರೆ ಎರಡನೆಯದರ ಮೊದಲ ವರ್ಷವೇ 147 ಮತ್ತು 2,241 ಸೇರಿ ₹2,388. ಮೊದಲನೆಯದರಲ್ಲಿ ಎರಡು ವರ್ಷ ಓದಿದರೂ ₹2,398. ಪರೀಕ್ಷೆ ಮೂರೇ ತಿಂಗಳಲ್ಲಿ ಮುಗಿದು ಆಮೇಲೆ ಪತ್ರಿಕೆ ಬೇಡವೆಂದಾದರೆ ಮಾತ್ರ ₹49ರದು ಹೇಳಿಕೊಳ್ಳುವಷ್ಟು ಲಾಭ, ಅದೂ ನಾಲ್ಕನೇ ತಿಂಗಳು ಶುರುವಾಗುವ ಮುಂಚೆ ರದ್ದು ಮಾಡಿದರೆ.

ತೆರಿಗೆ ಸೇರಿದೆಯೇ ಇಲ್ಲವೇ ಎಂಬುದು ಹಣ ಕಟ್ಟುವ ಕೊನೆಯ ಪುಟದಲ್ಲಿ ಮಾತ್ರ ಗೊತ್ತಾಗುವುದುಂಟು. ಮೊದಲ ಪುಟದ ಮೊತ್ತಕ್ಕೂ ಕೊನೆಯ ಪುಟದ ಮೊತ್ತಕ್ಕೂ ವ್ಯತ್ಯಾಸವಿದ್ದರೆ ನವೀಕರಣದ ದರಕ್ಕೂ ಅದೇ ಪ್ರಮಾಣ ಸೇರಿಸಿಕೊಳ್ಳಿ.

ನಿಜವಾದ ಒಪ್ಪಂದ ಇರುವುದು ಆಟೋಪೇ ಪರದೆಯಲ್ಲಿ

ಇಷ್ಟು ಹೊತ್ತು ನೋಡಿದ್ದು ಪತ್ರಿಕೆ ಹೇಳಿದ ಮಾತು. ನಿಮ್ಮ ಬ್ಯಾಂಕಿಗೆ ನೀವು ಹೇಳುವ ಮಾತು ಬೇರೆಯೇ ಇದೆ, ಅದನ್ನು ಹೆಚ್ಚಿನವರು ಓದುವುದೇ ಇಲ್ಲ. ಯುಪಿಐ ಆಯ್ದು ಮುಂದೆ ಹೋದಾಗ ಫೋನ್‌ಪೇ ಅಥವಾ ಗೂಗಲ್ ಪೇ ತೆರೆದುಕೊಂಡು, ಪಿನ್ ಕೇಳುವ ಮುಂಚೆ ಒಂದು ಪರದೆ ಬರುತ್ತದೆ. ಮಾಮೂಲಿ ಪಾವತಿಯ ಪರದೆಯಂತೆಯೇ ಕಾಣುವುದರಿಂದ ಕೈ ತಾನಾಗಿ ಪಿನ್ ಒತ್ತಿಬಿಡುತ್ತದೆ. ಅಲ್ಲಿ ಒಂದು ನಿಮಿಷ ನಿಂತು ನಾಲ್ಕು ಸಂಗತಿ ಓದಿ.

ಮೊದಲನೆಯದು ಮೊತ್ತ. ಯುಪಿಐ ಆಟೋಪೇಯಲ್ಲಿ ಅನುಮತಿ ಎರಡು ಬಗೆ: ನಿಗದಿತ ಮೊತ್ತ, ಇಲ್ಲವೇ ‘ಇಷ್ಟರವರೆಗೆ’ ಎಂಬ ಮಿತಿ. ಈಗ ಕಟ್ಟುತ್ತಿರುವುದು ₹399, ಆದರೆ ಪರದೆಯಲ್ಲಿ `Up to ₹1,999` ಎಂದಿದ್ದರೆ ಮುಂದಿನ ವರ್ಷದ ದರ ಅಲ್ಲೇ ಬರೆದಿದೆ ಎಂದು ತಿಳಿಯಿರಿ. ಕೆಲವೊಮ್ಮೆ ಅದು ₹2,500 ಅಥವಾ ₹15,000 ಎಂದೂ ಇರುತ್ತದೆ. ಅಷ್ಟು ಮೊತ್ತ ಹಿಡಿದೇಬಿಡುತ್ತಾರೆ ಎಂದಲ್ಲ, ಅದು ಮೇಲ್ಮಿತಿ. ಅಷ್ಟರೊಳಗೆ ಎಷ್ಟು ಕೇಳಿದರೂ ಮತ್ತೆ ನಿಮ್ಮ ಪಿನ್ ಬೇಕಿಲ್ಲ ಎಂಬುದು ಅದರ ಅರ್ಥ. ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಇಂಥ ತಾನಾಗಿ ಆಗುವ ಕಡಿತಗಳ ಮಿತಿಯನ್ನು ₹5,000ದಿಂದ ₹15,000ಕ್ಕೆ ಏರಿಸಿತು. ₹15,000 ಎಂಬ ಅಂಕಿ ಆಗಾಗ ಕಾಣುವುದು ಅದರಿಂದ. ಪತ್ರಿಕೆಯ ದರಕ್ಕೂ ಮಿತಿಗೂ ತಾಳೆಯೇ ಇಲ್ಲದಿದ್ದರೆ, ಆ ಪರದೆಯಿಂದ ನವೀಕರಣ ದರ ತಿಳಿಯುವುದಿಲ್ಲ. ದರ ಏರಿದರೂ ನಿಮ್ಮನ್ನು ಮತ್ತೆ ಕೇಳದೆ ಹಿಡಿಯಲು ಜಾಗವಿದೆ ಎಂಬುದಷ್ಟೇ ತಿಳಿಯುತ್ತದೆ.

ಎರಡನೆಯದು ಎಷ್ಟು ದಿನಕ್ಕೊಮ್ಮೆ ಎಂಬುದು. `Yearly` ಅಥವಾ `Monthly` ಎಂದಿದ್ದರೆ ಸರಿ. `As presented` ಎಂದಿದ್ದರೆ, ಅವರು ಕೇಳಿದಾಗಲೆಲ್ಲ ಎಂದರ್ಥ. ವಾರ್ಷಿಕ ಚಂದಾಕ್ಕೆ ಇಂಥ ಅನುಮತಿ ಕೊಡುವ ಅಗತ್ಯವಿಲ್ಲ. ಬೇರೆ ದಾರಿಯಿದ್ದರೆ ಅಲ್ಲಿಂದ ಹಿಂದೆ ಬಂದು, ತಾನಾಗಿ ನವೀಕರಣವಾಗದ ಒಂದೇ ಸಲದ ಪಾವತಿ ಇದೆಯೇ ನೋಡಿ. ಇರುವ ಕಡೆ ಅದು ₹100–200 ಹೆಚ್ಚಿದ್ದರೂ ಮರೆವಿನ ಸ್ವಭಾವದವರಿಗೆ ಅದೇ ಅಗ್ಗ.

ಮೂರನೆಯದು ಕೊನೆಯ ದಿನಾಂಕ. ಅದು ಹತ್ತಾರು ವರ್ಷ ಮುಂದಿರಬಹುದು, ರದ್ದು ಮಾಡುವವರೆಗೆ ಎಂದೂ ಇರಬಹುದು. ಒಂದು ವರ್ಷದ ಚಂದಾ ಎಂದುಕೊಂಡವರು ಇಲ್ಲಿ ಕಣ್ಣು ಹಾಯಿಸಿದರೆ ಎಷ್ಟು ಕಾಲಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ತಿಳಿಯುತ್ತದೆ.

ನಾಲ್ಕನೆಯದು ಹಣ ಪಡೆಯುವವರ ಹೆಸರು. ಪತ್ರಿಕೆಯ ಹೆಸರಿನ ಬದಲು ಅದನ್ನು ಪ್ರಕಟಿಸುವ ಕಂಪನಿಯ ಹೆಸರೋ ಪಾವತಿ ಸಂಸ್ಥೆಯ ಹೆಸರೋ ಇರಬಹುದು. ಒಂದು ವರ್ಷದ ನಂತರ ಮೆಸೇಜಿನಲ್ಲಿ ಬರುವುದು ಇದೇ ಹೆಸರು. ಗುರುತು ಸಿಗದೆ ಅಳಿಸಿಬಿಡುವವರೇ ಬಹಳ.

ಈ ಪರದೆಯನ್ನೂ, ಅದಕ್ಕೆ ಮುಂಚಿನ ಕೊಡುಗೆಯ ಪುಟ, ಸಣ್ಣಕ್ಷರ, ಕೊನೆಯ ಮೊತ್ತದ ಪುಟ ಇಷ್ಟನ್ನೂ ಸ್ಕ್ರೀನ್‌ಶಾಟ್ ತೆಗೆದು ನಿಮ್ಮದೇ ಮೇಲ್‌ಗೆ ಕಳಿಸಿಕೊಳ್ಳಿ. ಮೇಲ್‌ನಲ್ಲಿ ದಿನಾಂಕ ತಾನಾಗಿ ದಾಖಲಾಗುತ್ತದೆ, ಫೋನು ಬದಲಾದರೂ ಉಳಿಯುತ್ತದೆ. ಆಟೋಪೇ ಪರದೆಯಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ಬಿಡದಿದ್ದರೆ ಮಿತಿ, ಎಷ್ಟು ದಿನಕ್ಕೊಮ್ಮೆ, ಕೊನೆಯ ದಿನಾಂಕ, ಹೆಸರು ನಾಲ್ಕನ್ನೂ ಬರೆದುಕೊಳ್ಳಿ.

ಅಪ್ಪನ ಕಾರ್ಡು, ಮಗಳ ಚಂದಾ

ಜಿಲ್ಲೆಯ ಮಕ್ಕಳ ವಿಷಯದಲ್ಲಿ ಇದು ಬೇರೆಯಾಗಿಯೇ ನೋಡಬೇಕಾದ ಸಂಗತಿ. ಹುಡುಗಿ ತುಮಕೂರಿನಲ್ಲಿ, ಕಾರ್ಡು ಮಧುಗಿರಿಯಲ್ಲಿರುವ ಅಪ್ಪನದು. ಒಟಿಪಿಯನ್ನು ಅಪ್ಪ ಫೋನಿನಲ್ಲಿ ಓದಿ ಹೇಳುತ್ತಾರೆ, ಚಂದಾ ಶುರುವಾಗುತ್ತದೆ. ಆ ಒಂದು ಒಟಿಪಿ ಈ ಸಲದ ₹399ಕ್ಕೆ ಮಾತ್ರವಲ್ಲ, ಮುಂದಿನ ಕಡಿತಗಳ ಅನುಮತಿಗೂ ಸೇರಿದ್ದು ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಚಂದಾಕ್ಕಾಗಿ ತಾನಾಗಿ ಆಗುವ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ಸೂಚನೆ ಬರಬೇಕು. ಯಾರಿಗೆ, ಎಷ್ಟು, ಯಾವತ್ತು ಎಂಬುದು ಅದರಲ್ಲಿರಬೇಕು, ಬೇಡವೆನ್ನುವ ಅವಕಾಶವೂ ಇರಬೇಕು. ನವೀಕರಣದ ಹೆಚ್ಚಿನ ದರ ರೂಪಾಯಿ ಲೆಕ್ಕದಲ್ಲಿ ಖಚಿತವಾಗಿ ಕಾಣಲೇಬೇಕಾದ ಜಾಗ ಇದು. ಆದರೆ ಅದು ಬ್ಯಾಂಕಿನಲ್ಲಿ ದಾಖಲಾದ ನಂಬರಿಗೆ ಬರುತ್ತದೆ, ಅಂದರೆ ಅಪ್ಪನ ಫೋನಿಗೆ. ಪತ್ರಿಕೆ ಕಳಿಸುವ ಮೇಲ್ ಮಗಳಿಗೆ ಬರುತ್ತದೆ, ಅದೂ ಜಾಹೀರಾತಿನ ಮೇಲ್‌ಗಳ ನಡುವೆ. ಹಣ ಹೋಗುವವನಿಗೆ ಚಂದಾ ಗೊತ್ತಿಲ್ಲ, ಚಂದಾ ಗೊತ್ತಿರುವವಳಿಗೆ ಹಣ ಹೋಗುವುದು ಕಾಣುವುದಿಲ್ಲ.

ಇದಕ್ಕೆ ಚಂದಾ ಕಟ್ಟಿದ ದಿನವೇ, ಅದು ಜೂನ್ 12 ಎಂದಿಟ್ಟುಕೊಳ್ಳಿ, ಒಂದು ಫೋನ್ ಮಾಡಿದರೆ ಸಾಕು: “ಅಪ್ಪಾ, ಮುಂದಿನ ವರ್ಷ ಜೂನ್ ಹತ್ತಕ್ಕೋ ಹನ್ನೊಂದಕ್ಕೋ ಬ್ಯಾಂಕಿಂದ ಒಂದು ಮೆಸೇಜ್ ಬರುತ್ತೆ, ಹತ್ತಿರ ಹತ್ತಿರ ಎರಡು ಸಾವಿರ ಹಿಡೀತೀವಿ ಅಂತ. ಅದರಲ್ಲಿ ಲಿಂಕ್ ಇದ್ರೆ ಒತ್ತಬೇಡ, ಅಳಿಸಲೂ ಬೇಡ. ನನಗೆ ಫಾರ್ವರ್ಡ್ ಮಾಡು.” ಲಿಂಕ್ ಒತ್ತಬೇಡ ಎನ್ನುವುದು ಏಕೆಂದರೆ ‘ನಿಮ್ಮ ಚಂದಾ ನವೀಕರಣವಾಗುತ್ತಿದೆ, ರದ್ದು ಮಾಡಲು ಈ ನಂಬರಿಗೆ ಕರೆ ಮಾಡಿ’ ಎಂಬ ನಕಲಿ ಮೆಸೇಜುಗಳೂ ಓಡಾಡುತ್ತವೆ. ಮೆಸೇಜು ನಿಜವೋ ಸುಳ್ಳೋ ಬ್ಯಾಂಕಿನ ಆ್ಯಪ್ ಒಳಗೇ ಹೋಗಿ ನೋಡಿ. ಕಾರ್ಡ್ ವಿಭಾಗದಲ್ಲಿ `e-mandate` ಅಥವಾ `Standing instructions` ಎಂಬ ಹೆಸರಿನಲ್ಲಿ ಪಟ್ಟಿ ಇರುತ್ತದೆ.

ದಿನಾಂಕ ಹಾಕಿಕೊಳ್ಳುವುದು ಮತ್ತು ರದ್ದು ಮಾಡುವುದು

ಜೂನ್ 12ರಂದು ಕಟ್ಟಿದ ವಾರ್ಷಿಕ ಚಂದಾ ಮುಂದಿನ ಜೂನ್ 12ಕ್ಕೆ ನವೀಕರಣವಾಗುತ್ತದೆ. ಕ್ಯಾಲೆಂಡರಿನಲ್ಲಿ ಜೂನ್ 2ಕ್ಕೆ ನೆನಪಿನ ಗಂಟೆ ಇಡಿ, ಶೀರ್ಷಿಕೆಯಲ್ಲೇ ‘ಪತ್ರಿಕೆ ₹399 ಹೋಗಿ ₹1,999, ಯುಪಿಐ, ಈ ಮೇಲ್ ಐಡಿ’ ಎಂದು ಬರೆಯಿರಿ. ಒಂದು ದಿನ ಮುಂಚಿನ ಬ್ಯಾಂಕ್ ಮೆಸೇಜನ್ನು ನಂಬಿ ಕೂರುವುದು ಸಾಲದು. ಆ್ಯಪಲ್ ಮೂಲಕ ಕಟ್ಟಿದ್ದರೆ ನವೀಕರಣಕ್ಕೆ ಕನಿಷ್ಠ 24 ಗಂಟೆ ಮುಂಚೆ ರದ್ದಾಗಿರಬೇಕು. ಪತ್ರಿಕೆಯ ಗ್ರಾಹಕ ಸೇವೆಗೆ ಬರೆದೇ ರದ್ದು ಮಾಡಿಸಬೇಕಾದ ಕಡೆ ಉತ್ತರ ಬರಲು ಎರಡು ಮೂರು ದಿನ ಹಿಡಿಯಬಹುದು.

ರದ್ದು ಮಾಡುವ ದಾರಿ ನೀವು ಹಣ ಕಟ್ಟಿದ ದಾರಿಯನ್ನೇ ಅವಲಂಬಿಸಿದೆ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಪತ್ರಿಕೆಯ ಜಾಲತಾಣದಲ್ಲಿ ಎಷ್ಟು ಹುಡುಕಿದರೂ ರದ್ದು ಗುಂಡಿ ಸಿಗುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ `Payments & subscriptions`, ಅದರೊಳಗೆ `Subscriptions` ಎಂಬಲ್ಲಿಗೆ ಹೋಗಿ. ಮುಂದಿನ ಕಡಿತದ ದಿನಾಂಕ ಮತ್ತು ಮೊತ್ತ ಎರಡೂ ಅಲ್ಲಿ ಕಾಣುತ್ತವೆ, ಹಾಗಾಗಿ ಚಂದಾ ಕಟ್ಟಿದ ಮರುದಿನವೇ ಇಲ್ಲಿ ಬಂದು ನೋಡಿದರೆ ನವೀಕರಣ ದರ ಪಕ್ಕಾ ಆಗುತ್ತದೆ. ಐಫೋನಿನಲ್ಲಿ `Settings` ಒಳಗೆ ನಿಮ್ಮ ಹೆಸರು ಒತ್ತಿದರೆ `Subscriptions` ಸಿಗುತ್ತದೆ. ಆ್ಯಪ್ ಅಳಿಸಿದರೆ ಚಂದಾ ಹೋಯಿತು ಎಂದುಕೊಳ್ಳುವುದು ಅತಿ ಸಾಮಾನ್ಯವಾದ ತಪ್ಪು. ಆ್ಯಪ್ ಹೋಗುತ್ತದೆ, ಕಡಿತ ನಿಲ್ಲುವುದಿಲ್ಲ.

ಜಾಲತಾಣದಲ್ಲೇ ಯುಪಿಐ ಅಥವಾ ಕಾರ್ಡ್ ಕೊಟ್ಟಿದ್ದರೆ ಕ್ರಮ ಮುಖ್ಯ. ಮೊದಲು ಪತ್ರಿಕೆಯ ಖಾತೆಯಲ್ಲಿ ರದ್ದು ಮಾಡಿ, ‘ಇಂಥ ದಿನದವರೆಗೆ ಓದಬಹುದು’ ಎಂಬ ಸಾಲು ಪರದೆಯಲ್ಲಿ ಬಂದಿತೇ ನೋಡಿ, ಖಚಿತಪಡಿಸುವ ಮೇಲ್ ಬರುವವರೆಗೆ ಕಾಯಿರಿ. ಆಮೇಲೆ ಯುಪಿಐ ಆ್ಯಪ್‌ನಲ್ಲಿ ನಿಮ್ಮ ಚಿತ್ರ ಒತ್ತಿ `Autopay` ವಿಭಾಗಕ್ಕೆ ಹೋಗಿ ಅನುಮತಿಯನ್ನು ತೆಗೆದುಹಾಕಿ. ಇದನ್ನು ತಿರುವುಮುರುವು ಮಾಡಿದರೆ, ಕೊಟ್ಟ ದುಡ್ಡಿನ ಅವಧಿ ಉಳಿದಿರುವಾಗಲೇ ಬಾಗಿಲು ಮುಚ್ಚುವ ಸಾಧ್ಯತೆ ಇರುತ್ತದೆ. ಅನುಮತಿ ಕಾಣದಿದ್ದರೆ ಗಾಬರಿ ಬೇಡ, ಅದನ್ನು ಯಾವ ಆ್ಯಪ್‌ನಲ್ಲಿ ಕೊಟ್ಟಿದ್ದಿರೋ ಮೊದಲು ಅದರಲ್ಲೇ ಹುಡುಕಿ. ಫೋನ್‌ಪೇಯಲ್ಲಿ ಕೊಟ್ಟು ಗೂಗಲ್ ಪೇಯಲ್ಲಿ ಹುಡುಕುವವರು ತುಂಬ. ಖಾತೆಯಲ್ಲಿ ದುಡ್ಡಿಡದೆ ತಪ್ಪಿಸಿಕೊಳ್ಳುವ ಉಪಾಯವನ್ನೂ ನೆಚ್ಚಬೇಡಿ, ಒಮ್ಮೆ ವಿಫಲವಾದ ಕಡಿತವನ್ನು ಮತ್ತೆ ಪ್ರಯತ್ನಿಸುತ್ತಾರೆ. ಮನೆಯಿಂದ ಊಟದ ಖರ್ಚಿಗೆ ಬಂದ ಹಣ ಆ ಹೊತ್ತಿಗೇ ಖಾತೆಯಲ್ಲಿರಬಹುದು.

ಪತ್ರಿಕೆ ಇಷ್ಟವಾಗಿದ್ದರೂ ಕೂಡ ಹೆಚ್ಚಿನ ದರಕ್ಕೆ ತಾನಾಗಿ ಹೋಗಲು ಬಿಡಬೇಡಿ. ರದ್ದು ಮಾಡಲು ಹೊರಟಾಗ ಎಷ್ಟೋ ಪತ್ರಿಕೆಗಳು ‘ಉಳಿಯಿರಿ’ ಎಂದು ಮತ್ತೆ ಕಡಿಮೆ ದರ ಮುಂದಿಡುತ್ತವೆ. ಒಪ್ಪಬಹುದು, ಆದರೆ ಅದೂ ಒಂದು ಆರಂಭಿಕ ದರವೇ. ಎಷ್ಟು ತಿಂಗಳಿಗೆ, ಆಮೇಲೆ ಎಷ್ಟು ಎಂಬುದನ್ನು ಮೊದಲಿನಿಂದ ನೋಡಿ, ಹೊಸ ದಿನಾಂಕ ಹಾಕಿಕೊಳ್ಳಿ. ನಮ್ಮ ಹುಡುಗಿ ಜೂನ್ 2ರಂದು ಮಾಡಬೇಕಾದ ಲೆಕ್ಕವೂ ಇದೇ: ₹1,999 ಎಂದರೆ ತಿಂಗಳಿಗೆ ₹167. ಕಳೆದ ತಿಂಗಳಲ್ಲಿ ಎಷ್ಟು ದಿನ ಲಾಗಿನ್ ಆಗಿ ಓದಿದಳು ಎಂದು ಎಣಿಸಿದರೆ ಉತ್ತರ ತಾನೇ ಸಿಗುತ್ತದೆ.

ಹಣ ಹೋಗಿಯೇಬಿಟ್ಟರೆ

ಅದೇ ದಿನ ಪತ್ರಿಕೆಯ ಗ್ರಾಹಕ ಸೇವೆಗೆ ಮೇಲ್ ಬರೆಯಿರಿ. ನವೀಕರಣವಾದ ಮೇಲೆ ಒಂದೂ ಲೇಖನ ತೆರೆಯಬೇಡಿ, ‘ಬಳಸಿದ್ದೀರಿ’ ಎಂಬ ಉತ್ತರಕ್ಕೆ ಎಡೆ ಕೊಡಬಾರದು. ಮೇಲ್‌ನಲ್ಲಿ ಕಡಿತದ ದಿನಾಂಕ, ಮೊತ್ತ, ವಹಿವಾಟಿನ ಸಂಖ್ಯೆ, ಚಂದಾದ ಮೇಲ್ ಐಡಿ ಇಷ್ಟಿರಲಿ, ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿ. ನವೀಕರಣ ದರವನ್ನು ಸ್ಪಷ್ಟವಾಗಿ ತೋರಿಸಿದ್ದರೆ ಹಣ ವಾಪಸ್ ಕೊಡುವುದು ಅವರ ಮರ್ಜಿ. ತೋರಿಸದಿದ್ದರೆ ನಿಮ್ಮ ಮಾತಿಗೆ ಬಲವಿದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ‘ಡಾರ್ಕ್ ಪ್ಯಾಟರ್ನ್’ ಎನ್ನುವ 13 ಬಗೆಯ ಮರೆಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ರದ್ದು ಮಾಡುವ ದಾರಿಯನ್ನು ಅಡಗಿಸುವ, ಸುತ್ತಿ ಬಳಸಿ ಮಾಡುವ ‘ಚಂದಾ ಬಲೆ’ಯೂ ಅದರಲ್ಲಿದೆ. ಪತ್ರಿಕೆಯಿಂದ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ `consumerhelpline.gov.in`ನಲ್ಲಿ ದೂರು ದಾಖಲಿಸಿ. 24 ಗಂಟೆ ಮುಂಚಿನ ಸೂಚನೆಯೇ ಬಂದಿರದಿದ್ದರೆ ದೂರು ಬ್ಯಾಂಕಿಗೆ ಹೋಗಬೇಕು. ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ `cms.rbi.org.in` ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಮುಂಚೆ ಅಪ್ಪನ ಫೋನಿನ ಮೆಸೇಜುಗಳನ್ನು ಒಮ್ಮೆ ಪೂರ್ತಿ ಹುಡುಕಿಸಿ, ಪತ್ರಿಕೆಯ ಹೆಸರಿನಿಂದಲ್ಲ, ಆಟೋಪೇ ಪರದೆಯಿಂದ ಬರೆದುಕೊಂಡಿದ್ದ ಆ ಕಂಪನಿಯ ಹೆಸರಿನಿಂದ.